ಬಿಟ್ಟು ಹೋಗುವವರೆಲ್ಲ ‘ಮನೆಯ ಅಡಚಣೆ’ ಅಂತ ಬರೆದರೆ ಏನು ಮಾಡೋದು?

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ): ನಮ್ಮದು ಮಷಿನ್ ಶಾಪ್, 160 ಜನ ಇದ್ದೇವೆ. ಒಂದು ವರ್ಷದಲ್ಲಿ 19 ಆಪರೇಟರ್‌ಗಳು ಬಿಟ್ಟರು. ಕೊನೆಯ ದಿನ ಫಾರ್ಮ್ ತುಂಬಿಸಿಕೊಳ್ಳುತ್ತೇನೆ. 13 ಜನ ‘ಮನೆಯ ಅಡಚಣೆ’ ಅಂತ ಬರೆದಿದ್ದಾರೆ. ಮಾಲೀಕರಿಗೆ ನಿಜವಾದ ಕಾರಣ ಬೇಕು. ಹೇಗೆ ಕೇಳಲಿ?

ಒಬ್ಬ ಸದಸ್ಯರು, ವಿಜಯಪುರ: ಫಾರ್ಮ್ ಸರಿಯಾಗಿ ತುಂಬುವ ತನಕ ಸೆಟಲ್‌ಮೆಂಟ್ ಕೊಡಬೇಡಿ, ಎಲ್ಲಾ ಬರೀತಾರೆ. ಇಲ್ಲಾಂದ್ರೆ ಮೂರು ತಿಂಗಳು ಬಿಟ್ಟು ಫೋನ್ ಮಾಡಿ ಕೇಳಿ.

ಉತ್ತರ (ಕಾರ್ಖಾನೆಗಳ ಎಚ್‌ಆರ್ ನೋಡಿಕೊಂಡು ಬಂದವಳು, ಬೆಳಗಾವಿ): ವಿಜಯಪುರದ ಸರ್ ಹೇಳಿದ್ದರಲ್ಲಿ ಫೋನ್ ಮಾತು ಒಳ್ಳೇದು. ದುಡ್ಡು ತಡೆಹಿಡಿಯೋದು ಮಾತ್ರ ಬೇಡ. ಅವರ ದುಡ್ಡು, ರಿಲೀವಿಂಗ್ ಲೆಟರ್ ಎರಡೂ ನಿಮ್ಮ ಮೇಜಿನ ಮೇಲೆ ಇರುವಾಗ ಸೂಪರ್‌ವೈಸರ್ ಮೇಲೆ ಯಾರು ಬಾಯಿ ಬಿಡ್ತಾರೆ? ಅದರಲ್ಲೂ ಉದ್ಯಮಬಾಗದಲ್ಲಿ ಒಂದು ಶಾಪಿನ ಮಾತು ಸಂಜೆಯೊಳಗೆ ಪಕ್ಕದ ಶಾಪಿಗೆ ಮುಟ್ಟಿರುತ್ತೆ.

ನಾನು ಕೊನೆಯ ದಿನಕ್ಕಿಂತ ನಾಲ್ಕೈದು ದಿನ ಮೊದಲೇ ಕರೆಯುತ್ತೇನೆ. ಸಹಿ ಆದ ಲೆಟರ್ ತೋರಿಸಿ, ‘ಇದು ರೆಡಿ ಇದೆ, ನೀವು ಏನೇ ಹೇಳಿದರೂ ಬದಲಾಗಲ್ಲ’ ಅಂತ ಹೇಳ್ತೇನೆ. ಅವರ ಸೂಪರ್‌ವೈಸರ್ ಆ ಕಡೆ ಸುಳಿಯಬಾರದು. ಫಾರ್ಮ್ ಎದುರಿಗೆ ಇಡಬೇಡಿ, ಮಾತು ಮುಗಿದ ಮೇಲೆ ಬರೆದುಕೊಳ್ಳಿ.

‘ಯಾಕೆ ಬಿಡ್ತಾ ಇದ್ದೀರಿ’ ಅಂತ ಕೇಳಿದರೆ ಅದಕ್ಕೆ ಉತ್ತರ ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ‘ಬೇರೆ ಕಡೆ ನೋಡಬೇಕು ಅಂತ ಮೊದಲ ಸಲ ಅನಿಸಿದ್ದು ಯಾವಾಗ? ಅವತ್ತು ಏನಾಗಿತ್ತು?’ ಅಂತ ಕೇಳಿ. ಆಮೇಲೆ ನೀವು ಸುಮ್ನೆ ಕೂತಿರಿ. ಇದೇ ಕಷ್ಟದ ಭಾಗ!

ಒಂದು ಕಾರ್ಖಾನೆಯಲ್ಲಿ ಖಾನಾಪುರ ಕಡೆಯ ಹುಡುಗ ಒಬ್ಬ ‘ತಾಯಿಗೆ ಆರಾಮಿಲ್ಲ’ ಅಂದ. ಸುಳ್ಳಲ್ಲ. ಆದರೆ ತಾಯಿಗೆ ಎರಡು ವರ್ಷದಿಂದ ಆರಾಮಿರಲಿಲ್ಲ. ಹಾಗಾದರೆ ಈ ತಿಂಗಳೇ ಯಾಕೆ? ಮೊದಲ ಸಲ ಅನಿಸಿದ ದಿನ ಕೇಳಿದೆ. ಶನಿವಾರ ಸಂಜೆ ಬೋರ್ಡಿಗೆ ಶಿಫ್ಟ್ ಚಾರ್ಟ್ ಅಂಟಿಸಿದ್ದರು, ಸೋಮವಾರದಿಂದ ಇವನಿಗೆ ಸೆಕೆಂಡ್ ಶಿಫ್ಟ್. ರಾತ್ರಿ ಹನ್ನೊಂದೂವರೆಗೆ ಬಿಟ್ಟರೆ ಅವನ ಊರಿಗೆ ಬಸ್ಸಿಲ್ಲ. ಎರಡು ರಾತ್ರಿ ಪ್ಯಾಕಿಂಗ್ ರೂಮಿನಲ್ಲಿ ರಟ್ಟು ಹಾಸಿಕೊಂಡು ಮಲಗಿದ್ದ. ಶಿಫ್ಟ್ ಬದಲಿಸಿ ಅಂದದ್ದಕ್ಕೆ ‘ಆಗದಿದ್ರೆ ಬಿಡು’ ಅಂದರಂತೆ. ತಾಯಿಯ ಕಾಯಿಲೆ ಹಳೇದು, ಬಿಡಿಸಿದ್ದು ಆ ಚಾರ್ಟ್.

ಒಬ್ಬನ ಮಾತು ಹಿಡಿದುಕೊಂಡು ಮಾಲೀಕರ ಹತ್ರ ಓಡಬೇಡಿ. ಬಿಟ್ಟವರು ಹೇಳಿದ ಕಾರಣ, ಆ ಮೊದಲ ದಿನದ ಘಟನೆ, ಊರು, ಶಿಫ್ಟ್, ಸೂಪರ್‌ವೈಸರ್, ಎಷ್ಟು ತಿಂಗಳ ಸರ್ವೀಸ್, ಇಷ್ಟನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಆ ಕಾರ್ಖಾನೆಯಲ್ಲಿ ಬಿಟ್ಟ ಎಂಟು ಜನರಲ್ಲಿ ಆರು ಜನ ಹಳ್ಳಿಯಿಂದ ಬಸ್ಸಿಗೆ ಬರುವವರು, ಸೆಕೆಂಡ್ ಶಿಫ್ಟ್ ಸಿಕ್ಕ ಐದು ವಾರದೊಳಗೆ ಹೋದವರು. ಈ ಆರು ಜನ ಒಬ್ಬರಲ್ಲ, ಇಬ್ಬರು ಸೂಪರ್‌ವೈಸರ್‌ಗಳ ಕೈಕೆಳಗಿದ್ದವರು, ಹಾಗಾಗಿ ಒಬ್ಬರ ಬಾಯಿಯದೇ ತಪ್ಪು ಅನ್ನುವ ಹಾಗಿರಲಿಲ್ಲ.

ಇನ್ನೊಂದು ಕೆಲಸ ಜನ ಮರೀತಾರೆ. ಉಳಿದವರನ್ನೂ ಎಣಿಸಬೇಕು. ಆ ಶಿಫ್ಟಿಗೆ ಬಸ್ಸಿನವರು ಒಟ್ಟು ಹತ್ತು ಜನ ಹೋಗಿದ್ದರು, ಆರು ಜನ ಬಿಟ್ಟರು. ಊರೊಳಗಿನವರು 24 ಜನರಲ್ಲಿ ಬಿಟ್ಟದ್ದು ಇಬ್ಬರೇ. ಬಸ್ಸಿನವರೇ ಮೂವತ್ತು ಜನ ಇದ್ದಿದ್ದರೆ ಆರು ಅನ್ನೋದು ಅಷ್ಟು ದೊಡ್ಡದಾಗಿ ಕಾಣ್ತಿರಲಿಲ್ಲ, ಅಲ್ವಾ?

ಚಾರ್ಟ್ ಬುಧವಾರವೇ ಹಾಕಿದರು, ರಾತ್ರಿಗೆ ಒಂದು ಟೆಂಪೋ ಬಿಟ್ಟರು. ಬಿಡುವವರು ಕಡಿಮೆ ಆದರು. ಆದರೆ ಅದೇ ತಿಂಗಳು ಸಂಬಳವೂ ಏರಿತ್ತು. ಟೆಂಪೋದಿಂದಲೇ ಅಂತ ನಾನು ಹೇಳಲಾರೆ.

ಸದಸ್ಯೆ, ಬಾಗಲಕೋಟೆ: ಮೇಡಂ, ನನಗೆ ಎರಡು ತಿಂಗಳಾದರೂ ರಿಲೀವಿಂಗ್ ಲೆಟರ್ ಕೊಟ್ಟಿಲ್ಲ. ಪಿಎಫ್ ಸಿಗುತ್ತಾ?

ಉತ್ತರ ಕೊಟ್ಟವರು: ಅದು ಬೇರೆ ವಿಷಯ ಅಕ್ಕಾ. ಪಿಎಫ್‌ಗೆ ಆ ಲೆಟರ್ ಬೇಡ. ಬಿಟ್ಟ ದಿನಾಂಕವನ್ನು ಕಂಪನಿ ಹಾಕದಿದ್ದರೆ, ಕೊನೆಯ ಕಂತು ತುಂಬಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಪ್ರಶ್ನೆ ಕೇಳಿದವರು: ಕಾರಣ ಹೇಳಿದವರ ಹೆಸರನ್ನು ಮಾಲೀಕರು ಕೇಳಿದರೆ?

ಉತ್ತರ ಕೊಟ್ಟವರು: ವರದಿಯಲ್ಲಿ ಐದು ಜನಕ್ಕಿಂತ ಸಣ್ಣ ಗುಂಪು ತೋರಿಸಬೇಡಿ, ಮಾತನ್ನು ಇದ್ದ ಹಾಗೆ ಬರೆಯಬೇಡಿ, ಮಾತಿನ ಧಾಟಿಯಲ್ಲೇ ಆಳು ಗೊತ್ತಾಗುತ್ತೆ. ಆದರೆ ‘ಯಾರಿಗೂ ಹೇಳಲ್ಲ’ ಅಂತ ಮೊದಲೇ ಮಾತು ಕೊಡಬೇಡಿ. ಹೆಣ್ಣುಮಕ್ಕಳಿಗೆ ಕಿರುಕುಳದ ವಿಷಯ ಬಂದರೆ ಕೇಳಿ ಸುಮ್ಮನಿರೋಕೆ ಆಗಲ್ಲ. ಆಂತರಿಕ ಸಮಿತಿಗೆ ದೂರು ಕೊಡುವ ದಾರಿ ತೋರಿಸಬೇಕು.

ಪ್ರಶ್ನೆ ಕೇಳಿದವರು: ನಮ್ಮ ಸೆಕೆಂಡ್ ಶಿಫ್ಟ್ ಸೂಪರ್‌ವೈಸರ್ ಮಾಲೀಕರ ಅಳಿಯ.

ಉತ್ತರ ಕೊಟ್ಟವರು: ಹಾಗಾದರೆ ಮಾತಾಡಿಸೋಕೆ ಹೊರಗಿನ ಒಬ್ಬರನ್ನು ಕರೆಸಿ. ಬಿಡುವವರು ನಿಮ್ಮ ಮುಂದೆ ಬಾಯಿ ಬಿಡಲ್ಲ. ವರದಿ ಓದಿ ಮಾಲೀಕರು ಏನು ಮಾಡ್ತಾರೋ, ಅದಕ್ಕೆ ನನ್ನ ಹತ್ರ ಉಪಾಯ ಇಲ್ಲ ಸರ್.