ಪದಚರ್ಚೆ: ಗಂಟೆಗಟ್ಟಲೆ ಇಳಿಯದ, ನೋವಿನ ನಿಮಿರುವಿಕೆಗೆ ಏನನ್ನೋಣ?

ತೀರ್ಥಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಹುಡುಗರ ಮನೆಗಳಿಗೆ ಹಂಚಲು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ಪ್ರಯಾಪಿಸಂ, ಅಂದರೆ ಶಿಶ್ನ ನಿಮಿರಿ ಗಂಟೆಗಟ್ಟಲೆ ಇಳಿಯದೇ ಇರುವ ತೊಂದರೆಯ ಬಗ್ಗೆ ನಾಲ್ಕು ಸಾಲು ಬರಬೇಕು. ನನಗೆ ಸಿಕ್ಕ ಹಳೆಯ ಕರಡಿನಲ್ಲಿ ‘ಅತಿಕಾಮ’ ಎಂದು ಬರೆದಿದ್ದಾರೆ. ಅದು ಸರಿ ಕಾಣಲಿಲ್ಲ. ‘ನಿಮಿರುವಿಕೆ’ ಪುಸ್ತಕದ ಮಾತಾಯಿತು. ‘ನಿಗುರು’ ಎಂದರೆ ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅಚ್ಚು ಹಾಕಲು ಹಿಂಜರಿಕೆ. ನೀವು ಏನನ್ನುತ್ತೀರಿ?

ಸಾಗರದಿಂದ, ನಿವೃತ್ತ ಕನ್ನಡ ಉಪನ್ಯಾಸಕರು:

ಮೂಲ ಪದ ಗ್ರೀಕರ ಪ್ರಿಯಾಪಸ್ ಎಂಬ ದೇವರ ಹೆಸರಿನಿಂದ ಬಂದದ್ದು. ತೋಟ ಕಾಯುವ, ಫಲವಂತಿಕೆಯ ದೇವರು ಅವನು. ‘ಅತಿನಿಮಿರು’ ಎಂದು ಬಳಸಬಹುದು. ಇನ್ನು ಕಾಯಿಲೆಯ ವಿಷಯ. ಇದು ವಯಾಗ್ರ ಥರದ ಮಾತ್ರೆ ಜಾಸ್ತಿ ನುಂಗಿದವರಿಗೆ ಬರುವುದು ಅಲ್ವಾ? ಮಾತ್ರೆಯ ಕಾವು ಇಳಿದರೆ ಅದೂ ಇಳಿಯುತ್ತದೆ. ಹುಡುಗರ ಕರಪತ್ರದಲ್ಲಿ ಇದೆಲ್ಲ ಯಾಕೆ?

ಶಿವಮೊಗ್ಗದಿಂದ, ಮೂತ್ರಾಂಗ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ನಿವೃತ್ತ ಡಾಕ್ಟರು:

ಮೇಷ್ಟ್ರೇ, ದೇವರ ವಿಷಯ ಸರಿ. ಮಾತ್ರೆಯ ವಿಷಯ ಅರ್ಧ ಸರಿ. ವಯಾಗ್ರ ಒಂದನ್ನೇ ನುಂಗಿದವರಿಗೆ ಹೀಗಾಗುವುದು ಅಪರೂಪ. ನಿಮಿರಲೆಂದೇ ಶಿಶ್ನಕ್ಕೆ ಚುಚ್ಚಿಕೊಳ್ಳುವ ಇಂಜೆಕ್ಷನ್‌ನಿಂದ ಹೆಚ್ಚು. ನಿದ್ದೆಗೆಂದು ಕೊಡುವ ಟ್ರಾಜೊಡೋನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋರ್‌ಪ್ರೊಮಜಿನ್, ರಿಸ್ಪೆರಿಡೋನ್‌ನಂಥ ಮಾತ್ರೆಗಳಿಂದಲೂ ಆಗುತ್ತದೆ. ಮಕ್ಕಳಲ್ಲಿ ಮೊದಲು ಹುಡುಕಬೇಕಾದ ಕಾರಣ ಸಿಕಲ್ ಸೆಲ್. ಹಾಗಾಗಿ ಕರಪತ್ರದಲ್ಲಿ ಇದು ಇರಲೇಬೇಕು.

‘ಅತಿಕಾಮ’ ತೆಗೆದುಹಾಕಿ. ಇಲ್ಲಿ ಆಸೆ ಇರುವುದೇ ಇಲ್ಲ. ಒಳಗೆ ಬಂದ ರಕ್ತ ಹೊರಗೆ ಹೋಗುವುದಿಲ್ಲ, ಅಷ್ಟೇ. ತೂಬು ಕಟ್ಟಿಕೊಂಡ ಕೆರೆ ಇದ್ದ ಹಾಗೆ. ನಿಂತ ರಕ್ತದಲ್ಲಿ ಆಮ್ಲಜನಕ ಮುಗಿಯುತ್ತದೆ, ಆಮೇಲೆ ಸುತ್ತಲಿನ ಮಾಂಸಖಂಡ ಸಾಯಲು ಶುರುವಾಗುತ್ತದೆ. ಸಿಕಲ್ ಸೆಲ್‌ನಲ್ಲಿ ಆಮ್ಲಜನಕ ಕಡಿಮೆಯಾದ ಕೂಡಲೇ ಕೆಂಪು ಕಣ ಕುಡುಗೋಲಿನಂತೆ ಬಾಗಿ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಅದರಿಂದ ದಾರಿ ಇನ್ನಷ್ಟು ಮುಚ್ಚುತ್ತದೆ.

ಗುರುತು ಹೀಗೆ: ಶಿಶ್ನದ ದಂಡ ಗಟ್ಟಿಯಾಗಿ ನೋಯುತ್ತಿರುತ್ತದೆ, ತುದಿ ಮಾತ್ರ ಮೆತ್ತಗಿರುತ್ತದೆ. ನಾಲ್ಕು ಗಂಟೆ ದಾಟಿದರೆ ತುರ್ತು. 24 ಗಂಟೆ ದಾಟಿದವರಲ್ಲಿ ಮುಂದೆ ಸಹಜವಾಗಿ ನಿಮಿರುವ ಶಕ್ತಿ ಉಳಿಯುವ ಸಾಧ್ಯತೆ ತುಂಬ ಕಡಿಮೆಯಾಗುತ್ತದೆ.

ಪೆಟ್ಟು ಬಿದ್ದು ಆಗುವ ಬೇರೆ ಬಗೆಯೂ ಇದೆ. ಅಡಿಕೆ ಮರದಿಂದ ಜಾರಿ ತೊಡೆಸಂದಿಗೆ ಏಟು ಬಿದ್ದವರಿಗೆ ಆಗಬಹುದು. ಅದರಲ್ಲಿ ನೋವು ಕಡಿಮೆ, ಪೂರಾ ಗಟ್ಟಿಯೂ ಆಗುವುದಿಲ್ಲ. ಅದನ್ನೂ ತೋರಿಸಬೇಕು, ಆದರೆ ಗಡಿಯಾರದ ಹಿಂದೆ ಓಡುವ ಬಗೆ ಅದಲ್ಲ.

ಹೊಸನಗರದಿಂದ, ಅಡಿಕೆ ಬೆಳೆಗಾರರು:

ಹೆಸರು ಹಾಕುವುದಿಲ್ಲ, ಕ್ಷಮಿಸಿ. ಡಾಕ್ಟ್ರು ಹೇಳಿದ ಆ ನಿದ್ದೆಯ ಮಾತ್ರೆ ನನಗೆ ಬರೆದುಕೊಟ್ಟಿದ್ದರು. ಮೂರನೇ ರಾತ್ರಿ ಎರಡು ಗಂಟೆ ಹೊತ್ತಿಗೆ ನೋವಿಗೆ ಎಚ್ಚರವಾಯಿತು. ಬೆಳಗಾದರೆ ಸರಿಹೋಗುತ್ತೆ ಅಂದುಕೊಂಡೆ. ಬಿಸಿನೀರು ಹಾಕಿದೆ, ಅಂಗಳದಲ್ಲಿ ಓಡಾಡಿದೆ. ಮನೆಯವಳಿಗೆ ಹೇಳುವಾಗ ಎಂಟು ಗಂಟೆ. ಹತ್ತಿರದ ಒಬ್ಬ ಡಾಕ್ಟರು ನೋವಿಗೆ ಇಂಜೆಕ್ಷನ್ ಕೊಟ್ಟು, ಸಂಜೆವರೆಗೆ ನೋಡಿ ಎಂದರು. ಶಿವಮೊಗ್ಗ ಮುಟ್ಟಿದಾಗ ಮಧ್ಯಾಹ್ನ ಎರಡು.

ಅಲ್ಲಿ ಮರಗಟ್ಟಿಸಿ, ಪಕ್ಕದಿಂದ ಸೂಜಿ ಹಾಕಿ ರಕ್ತ ಎಳೆದರು. ಕಪ್ಪಗೆ, ಡಾಂಬರಿನ ಬಣ್ಣ. ಆಮೇಲೆ ಅದೇ ಸೂಜಿಯಲ್ಲಿ ಏನೋ ಔಷಧಿ. ಅದನ್ನು ಹಾಕುವಾಗೆಲ್ಲ ಬಿಪಿ ನೋಡುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಇಳಿಯಿತು. ಹನ್ನೆರಡು ಗಂಟೆ ಆಗಿತ್ತಲ್ಲ, ಈಗ ಮೊದಲಿನ ಹಾಗಿಲ್ಲ, ಪೂರಾ ಹೋಗಿಯೂ ಇಲ್ಲ. ನೀವು ಪದ ಏನಾದರೂ ಇಡಿ. ‘ನಾಚಿಕೆ ಬಿಟ್ಟು ಹೊರಡಿ’ ಎಂದು ಮೇಲೆ ದಪ್ಪಕ್ಕೆ ಬರೆಯಿರಿ.

ಶಿವಮೊಗ್ಗದ ಡಾಕ್ಟರು:

ಬರೆದದ್ದಕ್ಕೆ ಧನ್ಯವಾದ, ಸ್ವಾಮಿ. ಆ ಔಷಧಿ ಫಿನೈಲೆಫ್ರಿನ್. ರಕ್ತನಾಳವನ್ನು ಬಿಗಿ ಮಾಡುತ್ತದೆ, ಬಿಪಿ ಏರಿಸಬಹುದು. ಅದಕ್ಕೇ ಸ್ವಲ್ಪ ಸ್ವಲ್ಪವೇ, ಕೆಲವು ನಿಮಿಷ ಬಿಟ್ಟು ಬಿಟ್ಟು ಹಾಕುತ್ತೇವೆ. ಇಷ್ಟಕ್ಕೂ ಇಳಿಯದಿದ್ದರೆ ರಕ್ತಕ್ಕೆ ಬೇರೆ ದಾರಿ ಮಾಡುವ ಆಪರೇಷನ್. ಆ ಮಾತ್ರೆಯನ್ನು ಮತ್ತೆ ಮುಟ್ಟಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಈ ಕಥೆ ಹೇಳಿ.

ಕೊಪ್ಪದಿಂದ:

ನನ್ನ ಮಗನಿಗೆ ಹದಿನೈದು. ಬೆಳಿಗ್ಗೆ ಏಳುವಾಗ ಹೀಗೇ ಇರುತ್ತದೆ, ಅವನೇ ಮುಜುಗರದಿಂದ ಹೇಳಿದ. ಇದು ಓದಿ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ. ಕರ್ಕೊಂಡು ಹೋಗಬೇಕಾ?

ಶಿವಮೊಗ್ಗದ ಡಾಕ್ಟರು:

ಬೇಡ. ನೋವಿಲ್ಲದೆ, ಎದ್ದು ಓಡಾಡಿದ ಸ್ವಲ್ಪ ಹೊತ್ತಿಗೆ ಇಳಿದರೆ ಅದು ಆರೋಗ್ಯ. ಸಿಕಲ್ ಸೆಲ್ ಇರುವ ಹುಡುಗನಿಗೆ ಮಾತ್ರ ಲೆಕ್ಕ ಬೇರೆ. ಅವನಿಗೆ ಬೆಳಗಿನ ಜಾವ ನೋವಿನಿಂದ ಬಂದು, ಒಂದೆರಡು ಗಂಟೆಯಲ್ಲಿ ತಾನೇ ಹೋಗಿ, ಮತ್ತೆ ಬರುತ್ತಿದ್ದರೆ ಅದು ಮುನ್ಸೂಚನೆ. ಇಳಿಯಿತಲ್ಲ ಎಂದು ಸುಮ್ನೆ ಇರಬಾರದು. ಮುಂದಿನ ಸಲ ಇಳಿಯದೇ ಇರಬಹುದು.

ಆಗುಂಬೆ ಕಡೆಯಿಂದ, ಆಶಾ ಕಾರ್ಯಕರ್ತೆ:

ಸರ್, ಅಣ್ಣಂದಿರೇ, ಈ ಕರಪತ್ರ ಕೊನೆಗೆ ಓದಿ ಹೇಳೋದು ನಾವು. ‘ಅತಿನಿಮಿರು’ ಅಂದರೆ ತಾಯಂದಿರು ಏನು ಅಂತ ಕೇಳ್ತಾರೆ, ‘ನಿಗುರು’ ಅಂದರೆ ಎದ್ದು ಒಳಗೆ ಹೋಗ್ತಾರೆ. ನಾನು ‘ಉಚ್ಚೆ ಹೊಯ್ಯೋ ಜಾಗ ಗಟ್ಟಿಯಾಗಿ, ನೋವಾಗಿ, ಇಳಿಯದೇ ಇದ್ರೆ’ ಅಂತೀನಿ. ಎಲ್ಲರಿಗೂ ತಿಳಿಯುತ್ತೆ. ನನ್ನ ಪ್ರಶ್ನೆ ಬೇರೆ. ನಾಲ್ಕು ಗಂಟೆ ಅಂತ ಬರೆದರೆ ನಾಲ್ಕು ಗಂಟೆ ಮನೇಲೇ ಕೂರ್ತಾರೆ. ಮಳೆಗಾಲದಲ್ಲಿ ನಮ್ಮ ಮೂಲೆಯಿಂದ ಶಿವಮೊಗ್ಗಕ್ಕೆ ಎಷ್ಟು ಹೊತ್ತಾಗುತ್ತೆ ಗೊತ್ತಲ್ಲ? ಐಸ್ ಇಡಬಹುದಾ ಅಂತಲೂ ಕೇಳ್ತಾರೆ.

ಶಿವಮೊಗ್ಗದ ಡಾಕ್ಟರು:

ತಂಗೀ, ಇದು ಸರಿಯಾದ ಪ್ರಶ್ನೆ. ಎರಡು ಗಂಟೆ ಎಂದೇ ಬರೆಯಿರಿ. ಮೊದಲು ಉಚ್ಚೆ ಹೊಯ್ಯಲಿ, ಚೆನ್ನಾಗಿ ನೀರು ಕುಡಿಯಲಿ, ಮೆಲ್ಲಗೆ ನಡೆಯಲಿ, ಅವನಿಗೆ ಮೊದಲೇ ಬರೆದುಕೊಟ್ಟ ನೋವಿನ ಮಾತ್ರೆ ನುಂಗಲಿ. ಎರಡು ಗಂಟೆಗೆ ಇಳಿಯದಿದ್ದರೆ 108ಕ್ಕೆ ಫೋನ್. ಸಿಕಲ್ ಸೆಲ್ ಹುಡುಗನಿಗೆ ಐಸ್ ಬೇಡವೇ ಬೇಡ, ತಂಪು ತಗುಲಿದರೆ ಕಣ ಇನ್ನೂ ಬಾಗುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಕೊಡುತ್ತಾರೆ, ರಕ್ತ ಕೊಡುವ ಮಾತೂ ಬರಬಹುದು. ಅದು ಬೇಕಾಗಬಹುದು, ಆದರೆ ಅದಕ್ಕಾಗಿ ಸೂಜಿ ಹಾಕಿ ರಕ್ತ ತೆಗೆಯುವುದನ್ನು ತಡ ಮಾಡಬಾರದು.

ಸಾಗರದ ಉಪನ್ಯಾಸಕರು:

ಕರಪತ್ರಕ್ಕೆ ಈ ತಂಗಿಯ ವಾಕ್ಯವೇ ಇರಲಿ. ಆದರೆ ನಿಘಂಟಿಗೆ ವಾಕ್ಯ ಹಾಕಲಾಗುವುದಿಲ್ಲವಲ್ಲ. ‘ಇಳಿಯದ ನಿಮಿರು’?

ತೀರ್ಥಹಳ್ಳಿಯಿಂದ:

ನಿಘಂಟಿನ ಜಗಳ ಬೇರೆ ಪತ್ರದಲ್ಲಿ ಆಡೋಣ, ಮೇಷ್ಟ್ರೇ. ಕರಪತ್ರದಲ್ಲಿ ತಲೆಬರಹ ‘ಎರಡು ಗಂಟೆಯಾದರೂ ಇಳಿಯದಿದ್ದರೆ’ ಎಂದು ಇಟ್ಟಿದ್ದೇನೆ. ಆಸ್ಪತ್ರೆಯ ಬಾಗಿಲಲ್ಲಿ ಹೇಳಲು ‘ಪ್ರಯಾಪಿಸಂ, ಸಿಕಲ್ ಸೆಲ್ ಇದೆ, ಇಷ್ಟು ಗಂಟೆಗೆ ಶುರುವಾಯಿತು’ ಎಂಬ ಸಾಲನ್ನೂ ಕೆಳಗೆ ಸೇರಿಸಿದೆ. ಗಂಟೆ ತುಂಬಲು ಜಾಗ ಖಾಲಿ ಬಿಟ್ಟಿದ್ದೇನೆ.