ಮಳಿಗೆ ಬಾಡಿಗೆಯಲ್ಲಿ ಶೇ. 18 ಜಿಎಸ್‌ಟಿ ಕಡಿತ: ನಾನು ನೋಂದಣಿ ಮಾಡಿಸಬೇಕೇ?

ವಿದ್ಯಾನಗರ_ನಿವಾಸಿ:
ಮಂಡ್ಯದ ವಿ.ವಿ. ರಸ್ತೆಯಲ್ಲಿ ನನ್ನ ಹೆಸರಿನ ಕಟ್ಟಡವೊಂದಿದೆ. ಕೆಳಗಿನ ಮಳಿಗೆ ಔಷಧಿ ಅಂಗಡಿಯವರಿಗೆ ತಿಂಗಳಿಗೆ 80,000, ಮೇಲಿನದು ಜಿಎಸ್‌ಟಿ ನೋಂದಣಿಯಿಲ್ಲದ ಹೊಲಿಗೆ ತರಬೇತಿಯವರಿಗೆ 45,000. ಮೈಸೂರಿನ ಮನೆಯೊಂದರಿಂದ 25,000 ಬಾಡಿಗೆ ಬರುತ್ತದೆ. ಅಲ್ಲಿ ಒಂದು ಕುಟುಂಬ ವಾಸವಾಗಿದೆ. ನನಗೆ ನೋಂದಣಿಯಿಲ್ಲ. ಔಷಧಿ ಅಂಗಡಿಯವರು ಈ ತಿಂಗಳು ಜಿಎಸ್‌ಟಿ ಎಂದು 14,400 ಹಿಡಿದುಕೊಂಡು 65,600 ಮಾತ್ರ ಹಾಕಿದ್ದಾರೆ. ಇದು ಸರಿಯೇ? ಅಕ್ಟೋಬರ್‌ನಿಂದ ಹಿಂದಿನ ಗೋದಾಮನ್ನೂ 40,000ಕ್ಕೆ ಕೊಡುವ ಮಾತುಕತೆ ನಡೆದಿದೆ.

ಮಹಾವೀರ್_ಸರ್ಕಲ್:
ನಲವತ್ತು ಲಕ್ಷ ದಾಟುವವರೆಗೆ ನೋಂದಣಿ ಬೇಡ ಸಾರ್, ನಮ್ಮ ಕಿರಾಣಿ ಅಂಗಡಿಗೂ ಅದೇ ಮಿತಿ. ನೋಂದಣಿಯಿಲ್ಲದ ಮೇಲೆ ತೆರಿಗೆಯೂ ಇಲ್ಲ, ಅವರು ಹಿಡಿದದ್ದು ತಪ್ಪು.

ಲೆಕ್ಕದ_ಮೇಷ್ಟ್ರು:
ಹಿಡಿದದ್ದು ತಪ್ಪೆಂಬುದು ಸರಿ, ಕಾರಣ ಸರಿಯಲ್ಲ. ನಲವತ್ತು ಲಕ್ಷದ ಮಿತಿ ಸರಕು ಮಾತ್ರ ಮಾರುವವರಿಗೆ. ಬಾಡಿಗೆ ಸೇವೆಯಾದ್ದರಿಂದ ಕರ್ನಾಟಕದಲ್ಲಿ ಮಿತಿ ವರ್ಷಕ್ಕೆ 20 ಲಕ್ಷ.

ನೋಂದಣಿಯಿಲ್ಲದ ಮಾಲೀಕರು ನೋಂದಾಯಿತ ವ್ಯಾಪಾರಿಗೆ ಮಳಿಗೆ ಕೊಟ್ಟರೆ, 2024ರ ಅಕ್ಟೋಬರ್ 10ರಿಂದ ತೆರಿಗೆಯನ್ನು ಬಾಡಿಗೆದಾರರೇ ರಿವರ್ಸ್ ಚಾರ್ಜ್ ಮೂಲಕ ಕಟ್ಟಬೇಕು. ಅಂದರೆ ನಿಮಗೆ 80,000 ಪೂರ್ತಿ ಕೊಟ್ಟು, ಅದರ ಮೇಲೆ 14,400 ರೂಪಾಯಿಯನ್ನು ತಮ್ಮ ಕೈಯಿಂದ ಸರ್ಕಾರಕ್ಕೆ ನಗದಾಗಿ ಕಟ್ಟಬೇಕು. ತಾವೇ ಸ್ವಂತ ಇನ್‌ವಾಯ್ಸ್ ಬರೆದುಕೊಂಡು, ಕಟ್ಟಿದ್ದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಮ್ಮ ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ನಿಮ್ಮ ಬಾಡಿಗೆಯಿಂದ ಮುರಿದುಕೊಂಡು ಕ್ರೆಡಿಟನ್ನೂ ಪಡೆದರೆ ಅವರಿಗೆ ಎರಡು ಕಡೆ ಲಾಭ. ಬಾಡಿಗೆ ಕರಾರಿನಲ್ಲಿ ‘ಜಿಎಸ್‌ಟಿ ಸೇರಿ’ ಎಂದಿದೆಯೇ ನೋಡಿ. ಇಲ್ಲವಾದರೆ ಕಡಿತಕ್ಕೆ ಆಧಾರವಿಲ್ಲ.

ಅವರು ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಪದ್ಧತಿಯಲ್ಲಿದ್ದರೆ 2025ರ ಜನವರಿ 16ರಿಂದ ಈ ಹೊಣೆಯೇ ಅವರಿಗಿಲ್ಲ. ಅಂಗಡಿಯ ಬೋರ್ಡಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನ Search Taxpayer ವಿಭಾಗದಲ್ಲಿ ಹಾಕಿದರೆ Taxpayer Type ಎಂಬಲ್ಲಿ Regular ಅಥವಾ Composition ಎಂದು ಕಾಣುತ್ತದೆ.

ಶಿವರಾಂಪೇಟೆ_ರಾವ್:
ನಮ್ಮ ಮೈಸೂರಿನ ಮಳಿಗೆ ಅಣ್ಣತಮ್ಮಂದಿರು ನಾಲ್ವರ ಹೆಸರಿನಲ್ಲಿದೆ. ಬಾಡಿಗೆದಾರರು ಶೇ. 10 ಟಿಡಿಎಸ್ ಹಿಡಿಯುತ್ತಾರೆ, ರಿಟರ್ನ್ ಹಾಕಿದಾಗ ಸರಿಹೋಗುತ್ತದೆ. ನಿಮ್ಮದೂ ಅದೇ ಇರಬಹುದು.

ಲೆಕ್ಕದ_ಮೇಷ್ಟ್ರು:
ರಾಯರೇ, ಟಿಡಿಎಸ್ ಆದಾಯ ತೆರಿಗೆಯ ವಿಷಯ, ಮಾಲೀಕರ ಲೆಕ್ಕಕ್ಕೆ ಜಮೆಯಾಗುತ್ತದೆ. ಇಲ್ಲಿ ಹಿಡಿದದ್ದು ಶೇ. 18. ನಾಲ್ವರಿಗೂ ಪಾಲು ಕರಾರಿನಲ್ಲಿ ನಮೂದಾಗಿ, ಬಾಡಿಗೆ ಅವರವರ ಖಾತೆಗೇ ಹೋಗುತ್ತಿದ್ದರೆ ಮಿತಿಯನ್ನೂ ಸಾಮಾನ್ಯವಾಗಿ ಪ್ರತಿಯೊಬ್ಬರ ಪ್ಯಾನ್‌ಗೆ ಬೇರೆಯಾಗಿ ಎಣಿಸುತ್ತಾರೆ.

ಮಹಾವೀರ್_ಸರ್ಕಲ್:
ಮಿತಿ ಇಪ್ಪತ್ತೇ ಆಗಲಿ. ಮನೆ ಬಾಡಿಗೆಗೆ ತೆರಿಗೆಯಿಲ್ಲ, ಔಷಧಿ ಅಂಗಡಿಯದನ್ನು ಅವರೇ ಕಟ್ಟುತ್ತಾರೆ. ಎರಡನ್ನೂ ಬಿಟ್ಟರೆ ಗೋದಾಮು ಸೇರಿದರೂ ಮಿತಿಯ ಹತ್ತಿರ ಬರುವುದಿಲ್ಲ.

ಲೆಕ್ಕದ_ಮೇಷ್ಟ್ರು:
ಬಹಳ ಜನ ಎಡವುವುದು ಇಲ್ಲೇ. ಒಟ್ಟು ವಹಿವಾಟಿನಲ್ಲಿ ವಿನಾಯಿತಿ ಪಡೆದ ಮನೆ ಬಾಡಿಗೆಯೂ ಸೇರುತ್ತದೆ. ರಿವರ್ಸ್ ಚಾರ್ಜ್ ಮೊತ್ತವನ್ನು ಬಿಡಬೇಕೆಂದು ಕಾನೂನು ಹೇಳುವುದು ಸೇವೆ ಪಡೆದವರ ಲೆಕ್ಕದಲ್ಲಿ, ಕೊಟ್ಟವರ ಲೆಕ್ಕದಲ್ಲಲ್ಲ.

ಹಾಗಾಗಿ ಈಗ ತಿಂಗಳಿಗೆ 1,50,000, ವರ್ಷಕ್ಕೆ 18 ಲಕ್ಷ, ನೋಂದಣಿ ಬೇಡ. ಗೋದಾಮು ಸೇರಿದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 9 ಲಕ್ಷ, ಆಮೇಲೆ ತಿಂಗಳಿಗೆ 1,90,000ದಂತೆ ಫೆಬ್ರವರಿಗೆ 18.5 ಲಕ್ಷ, ಮಾರ್ಚ್‌ನಲ್ಲಿ 20.4 ಲಕ್ಷ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಹಿಂದಿನ ತಿಂಗಳುಗಳ ಬಾಡಿಗೆಗೆ ತೆರಿಗೆ ಬೀಳುವುದಿಲ್ಲ. ಆದರೆ ಅರ್ಜಿ ಸಮಯಕ್ಕೆ ಹಾಕಿದರೂ ತಡ ಮಾಡಿದರೂ ಮಿತಿ ದಾಟಿದಂದಿನಿಂದ ಹೊಣೆ ನಿಮ್ಮ ತಲೆಗೆ ಬರುತ್ತದೆ.

ನೋಂದಣಿಯಾದ ಮೇಲೆ ರಿವರ್ಸ್ ಚಾರ್ಜ್ ನಿಂತು, ಔಷಧಿ ಅಂಗಡಿಗೂ ಗೋದಾಮಿಗೂ ನೀವೇ ಬಿಲ್ ಮಾಡಿ ಶೇ. 18 ಸೇರಿಸಬೇಕು. ನಿಜವಾದ ಹೊರೆ ಹೊಲಿಗೆ ತರಬೇತಿಯವರಿಗೆ: ತಿಂಗಳಿಗೆ 8,100 ಹೆಚ್ಚು ಕೊಡಬೇಕು, ಕ್ರೆಡಿಟ್ ಸಿಗದು. ಗೋದಾಮಿನ ಕರಾರಿಗೆ ಮೊದಲೇ ಅವರೊಂದಿಗೆ ಮಾತಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ವಿದ್ಯಾನಗರ_ನಿವಾಸಿ:
ಪೋರ್ಟಲ್‌ನಲ್ಲಿ Regular ಎಂದೇ ಇದೆ, ಕರಾರಿನಲ್ಲಿ ಜಿಎಸ್‌ಟಿಯ ಸುದ್ದಿಯೇ ಇಲ್ಲ. ಮುಂದಿನ ತಿಂಗಳಿಂದ ಪೂರ್ತಿ ಕೊಡುತ್ತೇವೆ ಎಂದರು. ಹಿಡಿದ 14,400 ಇನ್ನೂ ಬಂದಿಲ್ಲ. ಇನ್ನೊಂದು ಸಂದೇಹ: ಬ್ಯಾಂಕಿನ ಠೇವಣಿ ಬಡ್ಡಿ ವರ್ಷಕ್ಕೆ ಎರಡೂವರೆ ಲಕ್ಷ ಬರುತ್ತದೆ. ಅದೂ ಸೇರಿದರೆ ಗೋದಾಮು ಕೊಡದಿದ್ದರೂ ಮಿತಿ ದಾಟುತ್ತೇನಲ್ಲ?

ಲೆಕ್ಕದ_ಮೇಷ್ಟ್ರು:
ಬಡ್ಡಿಯೂ ವಿನಾಯಿತಿ ಪಡೆದ ಸೇವೆಯೆಂದು ವಹಿವಾಟಿಗೆ ಸೇರಿಸಿದ ಮುಂಗಡ ತೀರ್ಪು ಗುಜರಾತಿನಲ್ಲಿ ಬಂದಿದೆ. ಅಂಥ ತೀರ್ಪು ಅರ್ಜಿದಾರರಿಗೂ ಅವರ ಅಧಿಕಾರಿಗೂ ಮಾತ್ರ ಅನ್ವಯ, ಒಪ್ಪದ ಸಲಹೆಗಾರರೂ ಇದ್ದಾರೆ. ನಾನಾದರೆ ಸೇರಿಸಿಯೇ ಲೆಕ್ಕ ಹಾಕುತ್ತಿದ್ದೆ.

ಮಹಾವೀರ್_ಸರ್ಕಲ್:
ಬ್ಯಾಂಕಿನ ಬಡ್ಡಿಗೂ ಮಳಿಗೆಗೂ ಏನು ಸಂಬಂಧ? ಇದನ್ನು ನಾನು ಒಪ್ಪುವುದಿಲ್ಲ.