ಸಹಾಯ ಬೇಕು: ಮೊಹರು ಒಡೆಯದೆ ತುರ್ತು ಖಾತೆಯನ್ನು ಪರೀಕ್ಷಿಸಬಹುದೇ?

ನಮ್ಮ ಸಣ್ಣ ಕಂಪನಿಯ ಮೈಕ್ರೋಸಾಫ್ಟ್ ಎಂಟ್ರಾದಲ್ಲಿ, ಉಳಿದ ಅಡ್ಮಿನ್‌ಗಳು ಯಾರೂ ಲಾಗಿನ್ ಆಗಲಾಗದ ಸಂದರ್ಭಕ್ಕೆಂದು ತುರ್ತು ಅಡ್ಮಿನ್ ಖಾತೆಯೊಂದನ್ನು ರಚಿಸಿ, ಅದರ ಭದ್ರತಾ ಕೀ ಹಾಗೂ ಪಿನ್ ಅನ್ನು ಬೇರೆ ಬೇರೆ ಲಕೋಟೆಗಳಲ್ಲಿಟ್ಟು ಮೊಹರು ಮಾಡಿದ್ದೇವೆ. ಖಾತೆಯ ಹೆಸರು ಬದಲಾದರೂ `UserId` ಬದಲಾಗುವುದಿಲ್ಲವಾದ್ದರಿಂದ, ಲಾಗಿನ್ ಪ್ರಯತ್ನಗಳ ದಾಖಲೆಯಾದ `SigninLogs`ನಲ್ಲಿ ಈ ಖಾತೆಯ `UserId` ಕಾಣಿಸಿದರೆ ಇಬ್ಬರಿಗೆ ಎಸ್ಎಂಎಸ್ ಹೋಗುವಂತೆ ಮಾಡಿದ್ದೇವೆ. ಅಂಥ ಹೊತ್ತಿನಲ್ಲಿ ಕಂಪನಿಯ ಇಮೇಲ್ ಕೂಡ ತೆರೆಯದಿರಬಹುದು ಎಂದೇ ಎಸ್ಎಂಎಸ್ ಆರಿಸಿಕೊಂಡೆವು.

ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟಾಗ ಎಚ್ಚರಿಕೆಯೇನೋ ಬಂತು. ಆದರೆ ಕಾವಲು ನಡೆಯುತ್ತಿದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಕೀ ಕೆಲಸ ಮಾಡುತ್ತದೆಯೇ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಲು ಮೊಹರು ಒಡೆಯಬೇಕು, ಒಡೆದರೆ ಪಿನ್ ಒಬ್ಬರಿಗೆ ಗೊತ್ತಾಗಿಬಿಡುತ್ತದೆ. 90 ದಿನಗಳಿಗೊಮ್ಮೆ ಇಬ್ಬರ ಸಮಕ್ಷಮದಲ್ಲಿ ನಿಜವಾಗಿ ಲಾಗಿನ್ ಆಗಿ, ಪಿನ್ ಬದಲಿಸಿ ಮತ್ತೆ ಮೊಹರು ಮಾಡುವುದು ಸರಿಯೇ, ಅಥವಾ ಮೊಹರು ಒಡೆಯದೆ ಕೀಯನ್ನು ಪರೀಕ್ಷಿಸುವ ಕ್ರಮವನ್ನು ಯಾರಾದರೂ ಅನುಸರಿಸುತ್ತಿದ್ದೀರಾ?